ಲಾಭ ಬಂತು, ದುಡ್ಡು ಬರಲಿಲ್ಲ

ದ್ವಿತೀಯ ಪಿಯುಸಿಯಲ್ಲಿ ಅಕೌಂಟೆನ್ಸಿ ಓದುತ್ತಿರುವವರ ಮುಂದೆ ಈ ಪ್ರಶ್ನೆ ಇಟ್ಟು ನೋಡಿ. ವ್ಯಾಪಾರಿಯೊಬ್ಬ ತನ್ನ ಗೋದಾಮಿನಲ್ಲಿದ್ದ 70,000 ರೂಪಾಯಿ ಅಸಲಿನ ಸರಕನ್ನು 1 ಲಕ್ಷಕ್ಕೆ ಉದ್ರಿ ಮಾರಿದ. ಲಾಭ ಎಷ್ಟು ಹೆಚ್ಚಿತು? ನಗದು ಎಷ್ಟು ಹೆಚ್ಚಿತು?

ಲಾಭ 30,000 ಎಂಬುದರಲ್ಲಿ ತಕರಾರಿಲ್ಲ. ನಗದಿನ ವಿಷಯಕ್ಕೆ ಬಂದಾಗ ಒಬ್ಬರು 1 ಲಕ್ಷ ಎನ್ನುತ್ತಾರೆ, ಇನ್ನೊಬ್ಬರು 30,000 ಎನ್ನುತ್ತಾರೆ. ಸರಿಯುತ್ತರ ಸೊನ್ನೆ. ಗಿರಾಕಿ ಇನ್ನೂ ಒಂದು ರೂಪಾಯಿಯನ್ನೂ ಕೊಟ್ಟಿಲ್ಲ. 1 ಲಕ್ಷ ಎಂದವರು ‘ಉದ್ರಿ’ ಎಂಬ ಪದವನ್ನು ಗಮನಿಸದೆ ದಾಟಿರಬಹುದು, ತೋರಿಸಿದರೆ ತಿದ್ದಿಕೊಳ್ಳುತ್ತಾರೆ. 30,000 ಎಂದವರದು ಆಳದ ತಪ್ಪು. ಲಾಭವೆಂದರೆ ಕೈಗೆ ಬಂದ ದುಡ್ಡೇ ಎಂದು ಅವರು ನಂಬಿದ್ದಾರೆ. ಈ ನಂಬಿಕೆ ಪರೀಕ್ಷಾ ಕೊಠಡಿಯಲ್ಲಿ ಒಂದೆರಡು ಅಂಕ ಕಳೆಯುತ್ತದೆ, ಅಂಗಡಿಯಲ್ಲಾದರೆ ಚೆಕ್ ಬೌನ್ಸ್ ಮಾಡಿಸುತ್ತದೆ.

ದುಡ್ಡೇ ಬರದೆ ಲಾಭ ಬರೆಯುವುದು ಯಾಕೆ? ಸರಕು ಗಿರಾಕಿಯ ಕೈಸೇರಿದ ಕ್ಷಣಕ್ಕೆ ಅದರ ಒಡೆತನ ಅವನದು, ಅದರ ಬೆಲೆ ಕೇಳುವ ಹಕ್ಕು ವ್ಯಾಪಾರಿಯದು. ಲೆಕ್ಕಶಾಸ್ತ್ರ ಆ ಹಕ್ಕನ್ನು ಆಸ್ತಿ ಎಂದು ಒಪ್ಪಿಕೊಂಡು ಮಾರಾಟವನ್ನು ಆ ದಿನವೇ ದಾಖಲಿಸುತ್ತದೆ. ಕಂಪನಿಗಳ ಮಟ್ಟಿಗೆ ಇದು ಕಡ್ಡಾಯ. 2013ರ ಕಂಪನಿ ಕಾಯ್ದೆಯ 128ನೇ ಸೆಕ್ಷನ್ ಪ್ರಕಾರ ಲೆಕ್ಕಪುಸ್ತಕ ಇದೇ ಪದ್ಧತಿಯಲ್ಲಿರಬೇಕು. ಹಾಗಾಗಿ ಲಾಭ-ನಷ್ಟದ ಖಾತೆ ತಪ್ಪು ಹೇಳುತ್ತಿಲ್ಲ. ವ್ಯಾಪಾರದಲ್ಲಿ ಗಿಟ್ಟಿತೇ ಎಂದು ಕೇಳಿದರೆ ಅದು ಉತ್ತರಿಸುತ್ತದೆ. ಇವತ್ತು ಕೈಯಲ್ಲಿ ಎಷ್ಟಿದೆ ಎಂಬುದಕ್ಕೆ ಉತ್ತರ ಬೇರೆ ಕಡೆ ಇದೆ.

ಒಂದು ಲೆಕ್ಕ ಮಾಡೋಣ. ದಾವಣಗೆರೆಯಲ್ಲಿ ಪೈಪು, ಫಿಟ್ಟಿಂಗ್ಸ್ ಮಾರುವ ಅಂಗಡಿಯೊಂದಿದೆ ಎಂದಿಟ್ಟುಕೊಳ್ಳಿ. ಗಿರಾಕಿಗಳಲ್ಲಿ ಹೆಚ್ಚಿನವರು ಗುತ್ತಿಗೆದಾರರು. ಬಿಲ್ ಪಾಸಾದ ಮೇಲೆ ಕೊಡ್ತೀವಿ ಎನ್ನುವ ಜನ. ಏಪ್ರಿಲ್ ಮೊದಲ ದಿನ ಬ್ಯಾಂಕಿನಲ್ಲಿ 3,50,000 ರೂಪಾಯಿ ಇದೆ. ಆ ತಿಂಗಳು ಮಾಲೀಕರು 4,00,000ದ ಸರಕನ್ನು ದುಡ್ಡು ಕೊಟ್ಟೇ ತಂದು, ಅಷ್ಟನ್ನೂ 5,20,000ಕ್ಕೆ ಮಾರಿದರು. ಇದರಲ್ಲಿ 1,20,000 ನಗದು, 4,00,000 ಉದ್ರಿ. ಬಾಡಿಗೆ, ಸಂಬಳ, ಕರೆಂಟು ಸೇರಿ 50,000 ಖರ್ಚಾಯಿತು.

ಲಾಭ 70,000. ತಿಂಗಳ ಕೊನೆಗೆ ಬ್ಯಾಂಕಿನಲ್ಲಿ 4,20,000 ಇರಬೇಕಲ್ಲ ಎಂದು ಮಾಲೀಕರು ಮನಸ್ಸಿನಲ್ಲೇ ಕೂಡಿಕೊಂಡರೆ ಅವರು ಆ ವಿದ್ಯಾರ್ಥಿಯ ತಪ್ಪನ್ನೇ ಮಾಡಿದಂತೆ. ನಿಜವಾಗಿ ಒಳಗೆ ಬಂದದ್ದು 1,20,000, ಹೊರಗೆ ಹೋದದ್ದು 4,50,000. ಉಳಿದದ್ದು ಬರೀ 20,000. ಅಂದುಕೊಂಡದ್ದಕ್ಕೂ ಇರುವುದಕ್ಕೂ ನಡುವಿನ ಅಂತರ 4,00,000, ಅಂದರೆ ಉದ್ರಿ ಪುಸ್ತಕದಲ್ಲಿರುವಷ್ಟೇ ಮೊತ್ತ. ನಗದು ಹರಿವಿನ ತಖ್ತೆ ಮಾಡುವುದೂ ಈ ತಿದ್ದುಪಡಿಯನ್ನೇ: ಲಾಭ 70,000ದಿಂದ ಶುರುಮಾಡಿ, ಗಿರಾಕಿಗಳ ಬಾಕಿ ಹೆಚ್ಚಿದ 4,00,000ವನ್ನು ಕಳೆಯುತ್ತದೆ. ಬಾಕಿ ಹೆಚ್ಚಿದರೆ ಯಾಕೆ ಕಳೆಯಬೇಕು ಎಂದು ಬಾಯಿಪಾಠ ಮಾಡುವವರು ಇಲ್ಲಿ ನಿಂತು ನೋಡಬೇಕು. ಲಾಭದೊಳಗೆ ಸೇರಿಕೊಂಡಿರುವ, ಇನ್ನೂ ಬಾರದ ದುಡ್ಡನ್ನು ಹೊರಗೆ ತೆಗೆಯುತ್ತಿದ್ದೇವೆ, ಅಷ್ಟೆ.

ಜಿಎಸ್‌ಟಿಯನ್ನು ಇಲ್ಲಿಯವರೆಗೆ ಬೇಕೆಂದೇ ಬಿಟ್ಟಿದ್ದೆ. ತೆರಿಗೆ 18% ಎಂದು ಹಿಡಿದರೆ ಸರಕು ತರುವಾಗ 72,000 ಹೆಚ್ಚು ಕೊಡಬೇಕು, ನಗದು ಮಾರಾಟದಿಂದ ಬರುವ ತೆರಿಗೆ 21,600 ಮಾತ್ರ. ಆ 20,000ವೂ ಕರಗಿ 30,400 ರೂಪಾಯಿ ಕೊರತೆಯಾಗುತ್ತದೆ. ಇಷ್ಟಕ್ಕೆ ಮುಗಿಯಲಿಲ್ಲ. ಸರಕು ಮಾರಿದವರಿಗೆ ಸಾಮಾನ್ಯವಾಗಿ ತೆರಿಗೆಯ ಹೊಣೆ ಬರುವುದು ಬಿಲ್ಲಿನ ತಾರೀಖಿನಿಂದ, ದುಡ್ಡು ಬಂದ ತಾರೀಖಿನಿಂದಲ್ಲ. ಒಟ್ಟು ಮಾರಾಟದ ಮೇಲಿನ 93,600ರಲ್ಲಿ ಖರೀದಿಗೆ ಕೊಟ್ಟ 72,000 ಕಳೆದು, ಮಿಕ್ಕ 21,600ನ್ನು ಪ್ರತಿ ತಿಂಗಳು ರಿಟರ್ನ್ ಸಲ್ಲಿಸುವ ವ್ಯಾಪಾರಿ ಮೇ 20ರೊಳಗೆ ಕಟ್ಟಬೇಕು. ಗುತ್ತಿಗೆದಾರ ಕೊಡದ ತೆರಿಗೆಯನ್ನು ಅಂಗಡಿಯವರೇ ಕೈಯಿಂದ ಹಾಕಿ ಕಟ್ಟಿದಂತಾಯಿತು. ಉದ್ರಿ ಎಂದರೆ ಲಾಭ ತಡವಾಗಿ ಸಿಗುವುದು ಮಾತ್ರ ಎಂದುಕೊಂಡವರಿಗೆ ಈ ತಾರೀಖು ಕಲಿಸುವಷ್ಟು ಪಾಠವನ್ನು ಯಾವ ಪುಸ್ತಕವೂ ಕಲಿಸಲಾರದು.

ಲೆಕ್ಕ ಸರಳವಾಗಿರಲೆಂದು ಜಿಎಸ್‌ಟಿಯನ್ನು ಮತ್ತೆ ಪಕ್ಕಕ್ಕಿಟ್ಟು ಮೇ ತಿಂಗಳಿಗೆ ಬರೋಣ. ವ್ಯಾಪಾರ ತಣ್ಣಗಿದೆ. 1,40,000ದ ಸರಕು ದುಡ್ಡು ಕೊಟ್ಟು ತಂದು 1,80,000ಕ್ಕೆ ಮಾರಿದರು. ಅದರಲ್ಲಿ ನಗದು 80,000, ಉದ್ರಿ 1,00,000. ಖರ್ಚು ಅದೇ 50,000. ಅಂದರೆ 10,000 ನಷ್ಟ. ಆದರೆ ಏಪ್ರಿಲ್ ಬಾಕಿಯಲ್ಲಿ 2,50,000 ವಸೂಲಾಯಿತು. ನಗದು 3,30,000 ಬಂದು 1,90,000 ಹೋಯಿತು, ಬ್ಯಾಂಕಿನಲ್ಲಿ 1,40,000 ಏರಿತು. ನಷ್ಟದ ತಿಂಗಳಲ್ಲಿ ಮಾಲೀಕರ ಮುಖ ಅರಳಿದೆ, ಲಾಭದ ತಿಂಗಳಲ್ಲಿ ಬಾಡಿತ್ತು. ವಸೂಲಾದ ದುಡ್ಡಿನಿಂದ ಲಾಭ ಒಂದು ಪೈಸೆಯೂ ಹೆಚ್ಚುವುದಿಲ್ಲ; ಅದನ್ನು ಏಪ್ರಿಲ್‌ನಲ್ಲೇ ಎಣಿಸಿಯಾಗಿದೆ.

ಈಗ ಬಾಕಿ ಉಳಿದದ್ದು 2,50,000. ಜೂನ್‌ನಲ್ಲಿ 40,000 ಕೊಡಬೇಕಿದ್ದ ಒಬ್ಬ ಗುತ್ತಿಗೆದಾರ ಊರು ಬಿಟ್ಟ. ಆ ಮೊತ್ತವನ್ನು ವಸೂಲಾಗದ ಸಾಲವೆಂದು ಬರೆದು ಹಾಕಬೇಕು. ಲಾಭ 40,000 ಇಳಿಯುತ್ತದೆ, ಬಾಕಿಯೂ 40,000 ಇಳಿಯುತ್ತದೆ, ನಗದು ಅಲುಗಾಡುವುದಿಲ್ಲ. ಜಾಣ ವಿದ್ಯಾರ್ಥಿಗಳೂ ಎಡವುವುದು ಇಲ್ಲೇ. ಇದು ನಗದಲ್ಲದ ಖರ್ಚು ಎಂದು 40,000 ಕೂಡುತ್ತಾರೆ, ಬಾಕಿ ಕಡಿಮೆಯಾಗಿದೆ ಎಂದು ಇನ್ನೊಮ್ಮೆ 40,000 ಕೂಡುತ್ತಾರೆ. ಊರು ಬಿಟ್ಟವನು ಪುಸ್ತಕದಲ್ಲಿ ದುಡ್ಡು ಕೊಟ್ಟುಬಿಟ್ಟ! ಎರಡರಲ್ಲಿ ಒಂದನ್ನಷ್ಟೇ ಕೂಡಬೇಕು. ಉದ್ರಿಯನ್ನು ನಗದೆಂದು ಎಣಿಸುವ ಮೂಲ ತಪ್ಪೇ ವೇಷ ಬದಲಿಸಿ ಇಲ್ಲಿ ಹಿಂಬಾಗಿಲಿನಿಂದ ಬಂದಿದೆ.

ದೊಡ್ಡ ಕಂಪನಿಯ ಷೇರು ಕೊಳ್ಳುವವರು ಇದನ್ನು ಗುರುತಿಸುವುದು ಹೇಗೆ? ವಸೂಲಾದ ದುಡ್ಡನ್ನು ಲೆಕ್ಕ ಹಾಕುವುದು ಸುಲಭ: ವರ್ಷದ ಆರಂಭದ ಬಾಕಿಗೆ ಮಾರಾಟವನ್ನು ಕೂಡಿ, ವರ್ಷಾಂತ್ಯದ ಬಾಕಿಯನ್ನು ಕಳೆಯಿರಿ. ಪೂರ್ತಿ ಉದ್ರಿಯಲ್ಲೇ ಮಾರುವ ಸಂಸ್ಥೆಯೊಂದರ ಮಾರಾಟ 36 ಲಕ್ಷದಿಂದ 42 ಲಕ್ಷಕ್ಕೆ ಏರಿತು, ಬಾಕಿ 6 ಲಕ್ಷದಿಂದ 14 ಲಕ್ಷಕ್ಕೆ ಏರಿತು ಎನ್ನೋಣ. ಎರಡನೇ ವರ್ಷ ವಸೂಲಾದದ್ದು 34 ಲಕ್ಷ ಮಾತ್ರ. ಬಾಕಿಯನ್ನು ಮಾರಾಟದಿಂದ ಭಾಗಿಸಿ 365ರಿಂದ ಗುಣಿಸಿದರೆ ಮೊದಲು ಸುಮಾರು 61 ದಿನವಿದ್ದ ವಸೂಲಿ ಅವಧಿ 122 ದಿನಕ್ಕೆ ಹೋಗಿದೆ. ಗಿರಾಕಿಗಳು ಸೋತಿದ್ದಾರೆಯೋ, ಮಾರಾಟ ಹೆಚ್ಚು ತೋರಿಸಲು ಉದ್ರಿ ಸಡಿಲಿಸಿದ್ದಾರೆಯೋ, ಮಾರ್ಚ್ ಕೊನೆಯ ವಾರದಲ್ಲಿ ವಿತರಕರ ಗೋದಾಮಿಗೆ ಸರಕು ತಳ್ಳಿದ್ದಾರೆಯೋ, ಅಂಕಿ ತಾನಾಗಿ ಹೇಳುವುದಿಲ್ಲ. ಮಾರ್ಚ್‌ನಲ್ಲಿ ತಳ್ಳಿದ ಸರಕಾದರೆ ಏಪ್ರಿಲ್, ಮೇ ತಿಂಗಳಲ್ಲಿ ವಾಪಸು ಬರುತ್ತದೆ, ಇಲ್ಲವೇ ಆ ತ್ರೈಮಾಸಿಕದ ಮಾರಾಟ ಕುಸಿಯುತ್ತದೆ.

2021ರ ಏಪ್ರಿಲ್‌ನಿಂದ ಕಂಪನಿಗಳ ಬ್ಯಾಲೆನ್ಸ್ ಶೀಟಿನ ಟಿಪ್ಪಣಿಯಲ್ಲಿ ಬಾಕಿಯ ವಯಸ್ಸನ್ನೂ ತೋರಿಸಬೇಕೆಂಬ ನಿಯಮವಿದೆ: ಆರು ತಿಂಗಳಿಗಿಂತ ಕಡಿಮೆ, ಆರು ತಿಂಗಳಿಂದ ಒಂದು ವರ್ಷ, ಹೀಗೆ ಮೂರು ವರ್ಷ ಮೀರಿದ್ದರವರೆಗೆ. ವಾರ್ಷಿಕ ವರದಿಯ ಬಣ್ಣದ ಪುಟಗಳನ್ನು ದಾಟಿ ಈ ಕೋಷ್ಟಕಕ್ಕೆ ಬನ್ನಿ. ಹೋದ ವರ್ಷ ಮೊದಲ ಕಾಲಮಿನಲ್ಲಿದ್ದ ಮೊತ್ತ ಈ ವರ್ಷ ವಸೂಲಾಗದೆ ‘ಒಂದರಿಂದ ಎರಡು ವರ್ಷ’ದ ಕಾಲಮಿಗೆ ಸರಿದಿದ್ದರೆ, ಆಗ ಘೋಷಿಸಿದ ಲಾಭದ ಅಷ್ಟು ಭಾಗ ಇವತ್ತಿಗೂ ಬ್ಯಾಂಕಿಗೆ ಬಂದಿಲ್ಲ.