ಹಸಿ ಸೊಪ್ಪು, ಬಸವನಹುಳು ಮತ್ತು ಇಲಿಯ ಪುಪ್ಪುಸದ ಜಂತು

ಹೋದ ಮಳೆಗಾಲದಲ್ಲಿ ಔರಾದ ತಾಲ್ಲೂಕಿನ ಒಂದು ತೋಟಕ್ಕೆ ಹೋಗಿದ್ದೆ. ಹೊತ್ತು ಇಳಿದಿತ್ತು. ತೋಟದ ಯಜಮಾನರು ಬಾವಿಕಟ್ಟೆಯ ಮೇಲೆ ಕುಳಿತು ಜೋಳದ ರೊಟ್ಟಿ ಬಿಚ್ಚಿದರು. ಪಕ್ಕದ ಮಡಿಯಿಂದ ಎಳೆಯ ಮೆಂತೆ ಸೊಪ್ಪು ಕಿತ್ತು, ಬಕೆಟ್ಟಿನ ನೀರಿನಲ್ಲಿ ಒಮ್ಮೆ ಅದ್ದಿ, ಖಾರದ ಜೊತೆ ನನಗೂ ಕೊಟ್ಟರು. ಅದೇ ಮಡಿಯ ಬದುವಿನ ಮೇಲೆ ನಾಲ್ಕಾರು ಬಸವನಹುಳುಗಳು ಹರಿದಾಡುತ್ತಿದ್ದವು. ಸೊಪ್ಪನ್ನು ಕೈಯಲ್ಲಿಯೇ ಹಿಡಿದು ಕುಳಿತ ನನ್ನನ್ನು ನೋಡಿ ಅವರು ನಕ್ಕರು: "ಯಾಕ್ರೀ ಸಾಹೇಬ್ರ, ಹುಳ ಕಂಡ್ರ ತೆಗದ್ ಒಗಿತೀವಿ, ತೊಳದ್ ತಿಂತೀವಿ. ಅದ್ರಾಗ ಏನಾಗ್ತದ?"

ಅವರ ಪ್ರಶ್ನೆಗೆ ಅಂದು ಅರ್ಧ ಉತ್ತರ ಕೊಟ್ಟೆ. ಉಳಿದ ಅರ್ಧವನ್ನು ಇಲ್ಲಿ ಬರೆಯುತ್ತಿದ್ದೇನೆ.

ಬಸವನಹುಳು ಬೆಳೆ ತಿನ್ನುತ್ತದೆಂಬುದು ನಮ್ಮ ರೈತರಿಗೆ ಗೊತ್ತಿದೆ. 2022ರ ಮುಂಗಾರಿನಲ್ಲಿ ನಮ್ಮ ಗಡಿಗೆ ತಾಗಿದ ಲಾತೂರ ಜಿಲ್ಲೆಯಲ್ಲಿ ಸೋಯಾಬೀನ್ ಸಸಿಗಳನ್ನು ಅದು ಸಾಲುಸಾಲಾಗಿ ತಿಂದುಹಾಕಿತು. ಆದರೆ ಅದರ ಮೈಯೊಳಗೆ ಇನ್ನೊಂದು ಜೀವಿ ಮನೆ ಮಾಡಿಕೊಂಡಿರಬಹುದೆಂಬುದನ್ನು ಬಹಳ ಜನ ಕೇಳಿಲ್ಲ. ಆ ಜೀವಿಯೇ ಇಲಿಯ ಪುಪ್ಪುಸದ ಜಂತು. 1935ರಲ್ಲಿ ಚೀನಾದ ಕ್ಯಾಂಟನ್ ಪಟ್ಟಣದ ಇಲಿಗಳಲ್ಲಿ ಇದನ್ನು ಮೊದಲು ಗುರುತಿಸಿದರು. ಹತ್ತು ವರ್ಷದ ನಂತರ, 1945ರಲ್ಲಿ, ತೈವಾನಿನ ಹುಡುಗನೊಬ್ಬನ ಬೆನ್ನುಹುರಿಯ ನೀರಿನಲ್ಲಿ ಇದೇ ಜಂತು ಸಿಕ್ಕ ಸಂಗತಿ ವರದಿಯಾಯಿತು.

ಇದು ತಿರುಗುವ ಚಕ್ರ ಹೀಗಿದೆ. ಬೆಳೆದ ಜಂತು ಎರಡು ಮೂರು ಸೆಂಟಿಮೀಟರ್ ಉದ್ದದ ದಾರದಂತಿದ್ದು, ಇಲಿಯ ಪುಪ್ಪುಸದ ರಕ್ತನಾಳಗಳಲ್ಲಿ ವಾಸಿಸುತ್ತದೆ. ಅಲ್ಲಿ ಇಟ್ಟ ಮೊಟ್ಟೆಗಳು ಒಡೆದು ಮರಿಗಳಾಗಿ ಇಲಿಯ ಗಂಟಲಿಗೆ ಏರುತ್ತವೆ. ಇಲಿ ನುಂಗಿಕೊಂಡಾಗ ಹೊಟ್ಟೆಗಿಳಿದು ಹಿಕ್ಕೆಯೊಡನೆ ನೆಲಕ್ಕೆ ಬೀಳುತ್ತವೆ. ಆ ಹಿಕ್ಕೆಯನ್ನು ಬಸವನಹುಳುವಾಗಲಿ, ಚಿಪ್ಪಿಲ್ಲದ ಅದರ ದಾಯಾದಿ ಅಂಟುಮೈಯ ಹುಳುವಾಗಲಿ ತಿನ್ನುತ್ತದೆ. ಅದರ ಮೈಯೊಳಗೆ ಎರಡು ಮೂರು ವಾರಗಳಲ್ಲಿ ಮರಿಗಳು ಎರಡು ಸಲ ಪೊರೆ ಬಿಟ್ಟು ಬಲಿಯುತ್ತವೆ. ಇಂಥ ಬಲಿತ ಮರಿ ಅರ್ಧ ಮಿಲಿಮೀಟರ್ ಮಾತ್ರ ಇರುತ್ತದೆ. ಒಂದು ಬಸವನಹುಳುವಿನಲ್ಲಿ ಇಂಥವು ಸಾವಿರಾರು ಇರಬಹುದು. ಹುಳುವನ್ನು ಇಲಿ ತಿಂದರೆ ಮರಿಗಳು ಮೊದಲು ಇಲಿಯ ಮೆದುಳಿಗೆ ಹೋಗಿ, ಅಲ್ಲಿ ಕೆಲವು ವಾರ ಬೆಳೆದು, ಪುಪ್ಪುಸಕ್ಕೆ ಮರಳುತ್ತವೆ. ಹೀಗೆ ಚಕ್ರ ಪೂರ್ತಿಯಾಗುತ್ತದೆ.

ಮನುಷ್ಯ ಈ ಚಕ್ರದಲ್ಲಿ ತಪ್ಪಿ ಬಿದ್ದವನು. ಮರಿಗಳು ನಮ್ಮ ಹೊಟ್ಟೆಗೆ ಹೋದರೂ ಇಲಿಯ ದಾರಿಯನ್ನೇ ಹಿಡಿದು ಮೆದುಳಿಗೆ ಏರುತ್ತವೆ. ಆದರೆ ಮುಂದಿನ ದಾರಿ ಸಿಗದೆ ಸಾಮಾನ್ಯವಾಗಿ ಅಲ್ಲಿಯೇ ಸಾಯುತ್ತವೆ. ಅವುಗಳ ಓಡಾಟದಿಂದಲೂ, ಅದಕ್ಕಿಂತ ಹೆಚ್ಚಾಗಿ ಸತ್ತ ಜಂತುಗಳ ವಿರುದ್ಧ ದೇಹ ಹೂಡುವ ಕದನದಿಂದಲೂ ಮೆದುಳಿನ ಪೊರೆ ಉರಿಯುತ್ತದೆ. ಆ ಕದನಕ್ಕೆ ಬರುವ ಬಿಳಿ ರಕ್ತಕಣಗಳ ಹೆಸರು ಇಯೋಸಿನೋಫಿಲ್. ಅದಕ್ಕಾಗಿಯೇ ಈ ಬೇನೆಗೆ ಇಯೋಸಿನೋಫಿಲಿಕ್ ಮೆನಿಂಜೈಟಿಸ್ ಎನ್ನುತ್ತಾರೆ. ಇದು ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ.

ನಮ್ಮ ದೇಶದಲ್ಲಿ ಈ ಬೇನೆ ಹೆಚ್ಚಾಗಿ ವರದಿಯಾಗಿರುವುದು ಕೇರಳದಿಂದ. ಅಲ್ಲಿ ಉಡದ ಹಸಿ ಮಾಂಸ ತಿಂದವರಲ್ಲಿ ಕಂಡಿದೆ. ಉಡವು ಬಸವನಹುಳುವನ್ನು ತಿನ್ನುತ್ತದೆ, ಜಂತುವಿನ ಮರಿ ಅದರ ಮಾಂಸದಲ್ಲಿ ಉಳಿಯುತ್ತದೆ. "ನಾವು ಉಡ ತಿನ್ನುವವರಲ್ಲ" ಎಂದು ಬಿಟ್ಟುಬಿಡಬೇಡಿ. ಸೊಪ್ಪಿನಿಂದಲೇ ಬಂದ ಉದಾಹರಣೆಯೂ ಇದೆ. 2000ದಲ್ಲಿ ಅಮೆರಿಕದ ಷಿಕಾಗೋದಿಂದ 23 ಮಂದಿ ವಿದ್ಯಾರ್ಥಿಗಳು ಜಮೈಕಾ ದ್ವೀಪಕ್ಕೆ ಪ್ರವಾಸ ಹೋಗಿ ಬಂದರು. ಊರಿಗೆ ಮರಳಿದ ಮೇಲೆ ಅವರಲ್ಲಿ 12 ಮಂದಿಗೆ ಈ ಬೇನೆ ಬಂದಿತು. 9 ಮಂದಿಯನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು. ವೈದ್ಯರು ಒಬ್ಬೊಬ್ಬರನ್ನೂ ಎಲ್ಲಿ ಏನು ತಿಂದಿರೆಂದು ವಿಚಾರಿಸಿದಾಗ, ಒಂದು ಊಟದಲ್ಲಿ ಬಡಿಸಿದ್ದ ಹಸಿ ಸೊಪ್ಪಿನ ಕೋಸಂಬರಿಯೇ ಕಾರಣವೆಂದು ತಿಳಿದುಬಂತು. ಅವರಾರೂ ಗೊತ್ತಿದ್ದು ಹುಳು ತಿಂದವರಲ್ಲ.

ಇಲ್ಲಿ ಒಂದು ಮಾತನ್ನು ಸ್ಪಷ್ಟ ಮಾಡಬೇಕು. ಹುಳು ಹರಿದ ಲೋಳೆಯಲ್ಲಿ ಮರಿಗಳು ಇದ್ದರೂ ಬಹಳ ಕಡಿಮೆ. ನಿಜವಾದ ಅಪಾಯವೆಂದರೆ ಕಣ್ಣಿಗೆ ಬೀಳದ ಸಣ್ಣ ಹುಳು ಅಥವಾ ಹೆಚ್ಚುವಾಗ ತುಂಡಾದ ಹುಳುವಿನ ಚೂರು ಸೊಪ್ಪಿನೊಡನೆ ಹೊಟ್ಟೆಗೆ ಹೋಗುವುದು. ಅಂಗೈಯಗಲದ ದೊಡ್ಡ ಶಂಖದ ಹುಳುವನ್ನು ಯಾರೂ ತಿನ್ನುವುದಿಲ್ಲ. ಅಕ್ಕಿಕಾಳಿನಷ್ಟಿರುವ ಅದರ ಮರಿ, ಇಲ್ಲವೆ ಚಿಪ್ಪಿಲ್ಲದ ಸಣ್ಣ ಹುಳು, ಕೋಸಿನ ಪದರದಲ್ಲಿ, ಮೆಂತೆ ಮತ್ತು ಕೊತ್ತಂಬರಿ ಕಟ್ಟಿನ ಬುಡದಲ್ಲಿ, ಹಕ್ಕರಕಿ ಸೊಪ್ಪಿನ ಎಲೆಯಡಿ ಅಡಗಿರುತ್ತದೆ.

ಆದುದರಿಂದ ಕಟ್ಟನ್ನು ಹಾಗೆಯೇ ನೀರಿನಲ್ಲಿ ಅದ್ದಿದರೆ ಸಾಲದು. ಕಟ್ಟು ಬಿಚ್ಚಿ, ಬೇರು ಮತ್ತು ಬುಡ ಕತ್ತರಿಸಿ, ಒಂದೊಂದು ಎಲೆಯನ್ನೂ ಎರಡೂ ಮಗ್ಗುಲು ನೋಡಿ, ಸುರಿಯುವ ನೀರಿನಲ್ಲಿ ಬೆರಳಿನಿಂದ ಉಜ್ಜಿ ತೊಳೆಯಬೇಕು. ಕೋಸನ್ನು ಪದರ ಪದರವಾಗಿ ಬಿಡಿಸಬೇಕು. ಹುಳು ಕಚ್ಚಿದ ಎಲೆಯನ್ನು ಎಸೆಯುವುದೇ ಲೇಸು. ಉಪ್ಪುನೀರಿನಲ್ಲಿ ನೆನೆಹಾಕಿದರೆ ಸಾಕೆಂದು ಹಲವರು ನಂಬಿದ್ದಾರೆ. ಉಪ್ಪಿಗೆ ಹುಳು ಎಲೆ ಬಿಟ್ಟು ಉದುರಬಹುದು, ಆದರೆ ಒಳಗಿನ ಜಂತುಮರಿ ಸಾಯುತ್ತದೆಂಬ ಭರವಸೆ ಇಲ್ಲ. ನಿಂಬೆಹುಳಿಯೂ ಅಷ್ಟೇ. ಮರಿಯನ್ನು ಖಂಡಿತವಾಗಿ ಕೊಲ್ಲುವುದು ಬೆಂಕಿ. ಮೂರರಿಂದ ಐದು ನಿಮಿಷ ಚೆನ್ನಾಗಿ ಕುದಿದ ಪಲ್ಯದಲ್ಲಿ ಅದು ಉಳಿಯುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ಮೃಗಶಿರದಿಂದ ಹಸ್ತದ ಮಳೆಯವರೆಗೆ ಸೊಪ್ಪನ್ನು ಬೇಯಿಸಿಯೇ ತಿನ್ನುವುದು ಒಳ್ಳೆಯದು. ಬೇಸಗೆಯ ಒಣ ಹವೆಯಲ್ಲಿ ಬಸವನಹುಳು ಚಿಪ್ಪಿನ ಬಾಯಿ ಮುಚ್ಚಿಕೊಂಡು ಮಲಗಿರುತ್ತದೆ. ಸೌತೆ, ಗಜ್ಜರಿ, ಮೂಲಂಗಿಗಳನ್ನು ತೊಳೆದು ಸಿಪ್ಪೆ ಹೆರೆದರೆ ಹೆದರಿಕೆ ಕಡಿಮೆ. ನೀರಿನ ಹೌದು, ಕೊಡಗಳಿಗೆ ಮುಚ್ಚಳವಿರಲಿ. ನೀರಿಗೆ ಬಿದ್ದು ಸತ್ತ ಹುಳುವಿನಿಂದ ಮರಿಗಳು ಹೊರಬರುತ್ತವೆ.

ತೋಟದಲ್ಲಿ ಮಾಡಬೇಕಾದ ಕೆಲಸ ಹೆಚ್ಚೇನಿಲ್ಲ. ಸಂಜೆ ಮಡಿಗಳ ನಡುವೆ ಒದ್ದೆ ಗೋಣಿಚೀಲ ಹಾಸಿ, ಅಡಿಯಲ್ಲಿ ಕೋಸಿನ ಅಥವಾ ಪಪ್ಪಾಯಿಯ ಎಲೆ ಇಡಿ. ಬೆಳಗಿನ ಬಿಸಿಲೇರುವ ಮೊದಲು ಚೀಲ ಎತ್ತಿದರೆ ಹುಳುಗಳು ಅಲ್ಲಿಯೇ ಸಿಗುತ್ತವೆ. ಅವನ್ನು ಬರಿಗೈಯಿಂದ ಮುಟ್ಟಬಾರದು. ಚಿಮಟ ಇಲ್ಲವೆ ಕೈಗೆ ಪ್ಲಾಸ್ಟಿಕ್ ಚೀಲ ಬಳಸಿ, ಗಟ್ಟಿ ಉಪ್ಪುನೀರಿನ ಡಬ್ಬಿಗೆ ಹಾಕಿ ಕೊಂದು, ಆಳವಾದ ಗುಂಡಿಯಲ್ಲಿ ಹೂಳಿ. ಬದುವಿನ ಮೇಲೆ ತುಳಿದು ಜಜ್ಜಬೇಡಿ. ಉಪ್ಪನ್ನು ಹೊಲಕ್ಕೇ ಎರಚಿದರೆ ಮಣ್ಣು ಕೆಡುತ್ತದೆ. ಮೆಟಾಲ್ಡಿಹೈಡ್ ಗುಳಿಗೆಯನ್ನು ಸೊಪ್ಪಿನ ಮಡಿಯಲ್ಲಿ ಚೆಲ್ಲಬಾರದು. ನಾಯಿ, ದನ ತಿಂದರೆ ಸಾಯುತ್ತವೆ. ಹುಳುವಿನಷ್ಟೇ ಇಲಿಯ ಕಡೆಗೂ ಗಮನವಿರಲಿ. ಬದುವಿನ ಬಿಲ ಅಗೆದು ಮುಚ್ಚಿ, ಬಣವೆಯನ್ನು ಸೊಪ್ಪಿನ ಮಡಿಯಿಂದ ದೂರವಿಡಿ. ಇಲಿಹಿಕ್ಕೆ ಇಲ್ಲದ ಕಡೆ ಹುಳುವಿಗೆ ಜಂತು ಬರುವ ದಾರಿಯಿಲ್ಲ.

ಇನ್ನು ಬೇನೆಯ ಗುರುತು. ಸೊಪ್ಪು ತಿಂದ ಒಂದರಿಂದ ಮೂರು ವಾರಗಳಲ್ಲಿ ಎಂದೂ ಕಾಣದಂಥ ತಲೆನೋವು ಬರುತ್ತದೆ. ಕುತ್ತಿಗೆ ಬಿಗಿಯುತ್ತದೆ, ವಾಂತಿಯಾಗುತ್ತದೆ, ಜ್ವರ ಇದ್ದರೂ ಹೆಚ್ಚಾಗಿ ಸಣ್ಣದು. ಚರ್ಮದ ಮೇಲೆ ಇರುವೆ ಹರಿದಂತೆ, ಉರಿದಂತೆ, ಬಟ್ಟೆ ತಗುಲಿದರೂ ನೋವಾಗುವಂತೆ ಅನಿಸುವುದು ಈ ಬೇನೆಯಲ್ಲಿ ಹೆಚ್ಚು. ಕೆಲವರಿಗೆ ಒಂದು ವಸ್ತು ಎರಡಾಗಿ ಕಾಣುತ್ತದೆ. ಇದನ್ನು ಸಾದಾ ತಲೆಶೂಲೆಯೆಂದು ಮನೆಯಲ್ಲಿ ಕೂಡಬಾರದು. ಬೆನ್ನುಹುರಿಯ ನೀರು ತೆಗೆದು ನೋಡಿದಲ್ಲದೆ ಗೊತ್ತಾಗುವುದಿಲ್ಲ. ಅದರ ಬಿಳಿಕಣಗಳಲ್ಲಿ ನೂರಕ್ಕೆ ಹತ್ತು ಅಥವಾ ಅದಕ್ಕೂ ಹೆಚ್ಚು ಇಯೋಸಿನೋಫಿಲ್ ಇದ್ದರೆ ವೈದ್ಯರಿಗೆ ಸಂಶಯ ಬರುತ್ತದೆ. ಜಂತು ಸಿಗುವುದು ಅಪರೂಪ. ಆದ್ದರಿಂದ ಭಾಲ್ಕಿಯಿಂದಾಗಲಿ ಔರಾದದಿಂದಾಗಲಿ ಬೀದರಿನ ದೊಡ್ಡ ಆಸ್ಪತ್ರೆಗೆ ಹೋದಾಗ, ವೈದ್ಯರು ಕೇಳದಿದ್ದರೂ, ಕಳೆದ ತಿಂಗಳಲ್ಲಿ ತಿಂದ ಹಸಿ ಸೊಪ್ಪು, ಮುಟ್ಟಿದ ಬಸವನಹುಳು ಎಲ್ಲವನ್ನೂ ನೀವಾಗಿಯೇ ಹೇಳಬೇಕು. ಮಕ್ಕಳು ಹುಳುವಿನೊಡನೆ ಆಡಿದ್ದರೆ ಅದನ್ನೂ ಹೇಳಿ.

ಹೆಚ್ಚಿನವರು ಕೆಲವು ವಾರಗಳಲ್ಲಿ ಗುಣವಾಗುತ್ತಾರೆ. ನೋವಿನ ಔಷಧಿ, ಉರಿಯೂತ ಇಳಿಸುವ ಸ್ಟೀರಾಯ್ಡ್, ಒತ್ತಡ ಇಳಿಸಲು ಬೆನ್ನಿನ ನೀರು ತೆಗೆಯುವುದು, ಇವೇ ಮುಖ್ಯ ಚಿಕಿತ್ಸೆ. ಆದರೆ ಬಹಳ ಮರಿಗಳು ಹೊಟ್ಟೆಗೆ ಹೋದವರಲ್ಲಿ ಪ್ರಾಣಾಪಾಯವೂ ಉಂಟು. 2010ರಲ್ಲಿ ಆಸ್ಟ್ರೇಲಿಯದ ಸಿಡ್ನಿಯಲ್ಲಿ ಗೆಳೆಯರ ಪಂಥಕ್ಕೆ ಚಿಪ್ಪಿಲ್ಲದ ಹುಳುವೊಂದನ್ನು ನುಂಗಿದ ತರುಣನೊಬ್ಬ ವರ್ಷಕ್ಕೂ ಮಿಕ್ಕಿ ಪ್ರಜ್ಞೆಯಿಲ್ಲದೆ ಮಲಗಿ, ಅಂಗವಿಕಲನಾಗಿ, 2018ರಲ್ಲಿ ತೀರಿಕೊಂಡ. ಜಂತು ಎಂದೊಡನೆ ಅಂಗಡಿಯಿಂದ ಆಲ್ಬೆಂಡಜೋಲ್ ಗುಳಿಗೆ ತಂದು ನುಂಗುವ ಅಭ್ಯಾಸ ನಮ್ಮಲ್ಲಿದೆ. ಈ ಬೇನೆಯಲ್ಲಿ ಹಾಗೆ ಮಾಡಬೇಡಿ. ಮೆದುಳಿನಲ್ಲಿರುವ ಜಂತುಗಳು ಒಮ್ಮೆಲೇ ಸತ್ತರೆ ಉರಿಯೂತ ಹೆಚ್ಚಬಹುದು. ಕೊಡಬೇಕೋ ಬೇಡವೋ ಎಂಬುದನ್ನು ವೈದ್ಯರೇ ನಿರ್ಧರಿಸಬೇಕು, ಕೊಟ್ಟರೂ ಸ್ಟೀರಾಯ್ಡಿನ ಜೊತೆಯಲ್ಲೇ ಕೊಡುತ್ತಾರೆ.

ಔರಾದದ ಆ ಯಜಮಾನರ ಮನೆಗೆ ಮೊನ್ನೆ ಮತ್ತೆ ಹೋಗಿದ್ದೆ. ಮೆಂತೆ ಇತ್ತು, ಪಲ್ಯವಾಗಿ. "ಹಸೀದ್ರ ರುಚಿ ಬ್ಯಾರೇನೇ ಸಾಹೇಬ್ರ, ಮಳಿ ಹೋಗ್ಲಿ ನೋಡೋಣು" ಅಂದರು.