ಚೀಟಿಯ ಅಂಕಿಗಳಿಂದ ಆರೋಗ್ಯದ ಕೋಷ್ಟಕ

ನಮ್ಮ ಊರುಗಳ ಅನೇಕ ಸಣ್ಣ ರಕ್ತಪರೀಕ್ಷಾ ಕೇಂದ್ರಗಳಲ್ಲಿ ಅಚ್ಚಾದ ನಮೂನೆಯ ಮೇಲೆ ಫಲಿತಾಂಶವನ್ನು ಕೈಯಿಂದ ಬರೆದು ಕೊಡುವ ರೂಢಿ ಇಂದಿಗೂ ಇದೆ. ಆ ಚೀಟಿಯಲ್ಲಿ ಅಂಕಿಯ ಪಕ್ಕದಲ್ಲಿ ಅದರ ಅಳತೆಯ ಮಾನವೂ, ಆವರಣದೊಳಗೆ ಸಾಮಾನ್ಯ ಮಿತಿಯೂ ಇರುತ್ತವೆ. ಅಂಕಿ ಮಿತಿಯೊಳಗಿದ್ದರೆ ನಾವು ನೆಮ್ಮದಿಯಿಂದ ಚೀಟಿಯನ್ನು ಮಡಿಸಿ ಕಪಾಟಿನಲ್ಲಿಡುತ್ತೇವೆ. ಆದರೆ ಹಲವು ವರ್ಷಗಳ ಚೀಟಿಗಳನ್ನು ಒಂದೇ ಕೋಷ್ಟಕಕ್ಕೆ ಇಳಿಸಿದಾಗ, ಬಿಡಿಬಿಡಿಯಾಗಿ ಯಾವ ಚೀಟಿಯೂ ಹೇಳದ ಸಂಗತಿಯೊಂದು ಕಾಣಿಸಬಹುದು. ಮೂತ್ರಪಿಂಡದ ಪರೀಕ್ಷೆಯಾದ ಕ್ರಿಯಾಟಿನಿನ್ ಇದಕ್ಕೆ ಉತ್ತಮ ನಿದರ್ಶನ.

ಕ್ರಿಯಾಟಿನಿನ್ ಎಂಬುದು ನಮ್ಮ ಸ್ನಾಯುಗಳಲ್ಲಿ ದಿನವೂ ಹುಟ್ಟುವ ತ್ಯಾಜ್ಯ. ಮೂತ್ರಪಿಂಡಗಳು ಅದನ್ನು ಸೋಸಿ ಹೊರಹಾಕುತ್ತವೆ. ಅವುಗಳ ಶಕ್ತಿ ಕುಂದಿದಂತೆ ಅದು ರಕ್ತದಲ್ಲಿ ಉಳಿಯತೊಡಗುತ್ತದೆ. ಮಧುಮೇಹ ಮತ್ತು ರಕ್ತದೊತ್ತಡ ಇರುವವರಿಗೆ ವೈದ್ಯರು ಈ ಪರೀಕ್ಷೆಯನ್ನು ಆಗಾಗ ಬರೆದುಕೊಡುವುದು ಈ ಕಾರಣದಿಂದಲೇ.

ಮಧುಮೇಹವಿರುವ ಗೃಹಸ್ಥರೊಬ್ಬರನ್ನು ಊಹಿಸಿಕೊಳ್ಳೋಣ. 2021ರಲ್ಲಿ ಅವರ ವಯಸ್ಸು 59. ಅಂದಿನಿಂದ 2024ರವರೆಗಿನ ಐದು ಚೀಟಿಗಳು ಅವರಲ್ಲಿವೆ. ಮೊದಲೆರಡು ಒಂದು ಪ್ರಯೋಗಾಲಯದವು; ಮೂರನೆಯದೂ ಐದನೆಯದೂ ಇನ್ನೊಂದರವು; ನಾಲ್ಕನೆಯದು ಅವರು ಲಂಡನ್ನಿನಲ್ಲಿ ಮಗಳ ಮನೆಯಲ್ಲಿದ್ದಾಗ ಮಾಡಿಸಿದ್ದು. ಅವನ್ನು ಕೋಷ್ಟಕಕ್ಕೆ ಇಳಿಸಿದರೆ ಹೀಗಾಗುತ್ತದೆ:

| ರಕ್ತ ಕೊಟ್ಟ ತಿಂಗಳು | ಚೀಟಿಯಲ್ಲಿದ್ದಂತೆ | ಮಾನ | ಚೀಟಿಯ ಮಿತಿ | ಒಂದೇ ಮಾನದಲ್ಲಿ |
|---|---|---|---|---|
| ಮಾರ್ಚ್ 2021 | 0.8 | ಮಿ.ಗ್ರಾಂ./ಡೆ.ಲೀ. | 0.6–1.2 | 0.8 |
| ಮಾರ್ಚ್ 2022 | 0.9 | ಮಿ.ಗ್ರಾಂ./ಡೆ.ಲೀ. | 0.6–1.2 | 0.9 |
| ಜನವರಿ 2023 | 11 (?) | ಮಿ.ಗ್ರಾಂ./ಡೆ.ಲೀ. | 0.7–1.4 | 1.1 |
| ನವೆಂಬರ್ 2023 | 97 | ಮೈಕ್ರೋಮೋಲ್/ಲೀಟರ್ | 62–115 | 1.1 |
| ಆಗಸ್ಟ್ 2024 | 1.3 | ಮಿ.ಗ್ರಾಂ./ಡೆ.ಲೀ. | 0.7–1.4 | 1.3 |

ಇಲ್ಲಿ ಎರಡು ಕಲಂಗಳಲ್ಲಿ ಅಂಕಿ ಇರುವುದನ್ನು ಓದುಗರು ಗಮನಿಸಬೇಕು. ಮೊದಲನೆಯದರಲ್ಲಿ ಚೀಟಿಯಲ್ಲಿರುವುದನ್ನು ಇದ್ದ ಹಾಗೆಯೇ ಬರೆಯಬೇಕು, ತಿದ್ದಬಾರದು. ತಿದ್ದುಪಡಿಯೂ ಲೆಕ್ಕವೂ ಕೊನೆಯ ಕಲಂಗೆ ಸೇರಿದವು. ಹೀಗೆ ಮಾಡಿದರೆ ಲೆಕ್ಕದಲ್ಲಿ ತಪ್ಪಾದರೂ ಮೂಲ ಅಂಕಿ ಕೆಡದೆ ಉಳಿಯುತ್ತದೆ.

ಮೂರನೆಯ ಸಾಲನ್ನು ನೋಡೋಣ. ಕೈಬರಹದಲ್ಲಿ ಮೊದಲು ಮಾಸುವುದು ದಶಮಾಂಶದ ಚುಕ್ಕೆ. ಕ್ರಿಯಾಟಿನಿನ್ ನಿಜವಾಗಿ 11 ಆಗಿದ್ದರೆ ಆ ವ್ಯಕ್ತಿ ತೀವ್ರ ಮೂತ್ರಪಿಂಡ ವೈಫಲ್ಯದಲ್ಲಿರುತ್ತಾರೆ; ಮನೆಯಲ್ಲಿ ಎಂದಿನಂತೆ ಓಡಾಡಿಕೊಂಡಿರುವುದು ಕಷ್ಟ. ಆದ್ದರಿಂದ ಅದು 1.1 ಇರಬೇಕೆಂದು ತೋರುತ್ತದೆ. ಆದರೆ ತೋರಿದ್ದನ್ನೇ ನಿಜವೆಂದು ಬರೆಯುವಂತಿಲ್ಲ. ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಇಟ್ಟು, ಪ್ರಯೋಗಾಲಯಕ್ಕೆ ಹೋಗಿ ಆ ದಿನದ ದಾಖಲೆ ಪುಸ್ತಕವನ್ನು ನೋಡಿಸಬೇಕು. ಇಲ್ಲಿ ಹಾಗೆ ನೋಡಿಸಿದಾಗ 1.1 ಎಂದೇ ಇತ್ತೆಂದು ಇಟ್ಟುಕೊಳ್ಳೋಣ. ದಾಖಲೆ ಸಿಗದಿದ್ದರೆ ಆ ಸಾಲಿನ ಕೊನೆಯ ಕಲಂ ಖಾಲಿಯಾಗಿಯೇ ಇರಲಿ. 1 ಮತ್ತು 7, 0 ಮತ್ತು 6 ಇವುಗಳಲ್ಲಿಯೂ ಇದೇ ಬಗೆಯ ಸಂದೇಹ ಬರುವುದುಂಟು. ಒಬ್ಬರು ಚೀಟಿಯನ್ನು ಓದಿ ಹೇಳುತ್ತಿರಲು ಇನ್ನೊಬ್ಬರು ಕೋಷ್ಟಕದೊಡನೆ ತಾಳೆ ನೋಡಿದರೆ ನಕಲು ಮಾಡುವಾಗಿನ ತಪ್ಪುಗಳು ಸಿಕ್ಕಿಬೀಳುತ್ತವೆ.

ನಾಲ್ಕನೆಯ ಸಾಲಿನ 97 ಮೊದಲ ನೋಟಕ್ಕೆ ಗಾಬರಿ ಹುಟ್ಟಿಸುತ್ತದೆ. ಇಲ್ಲಿ ಬದಲಾಗಿರುವುದು ರಕ್ತವಲ್ಲ, ಮಾನ. ನಮ್ಮಲ್ಲಿ ಕ್ರಿಯಾಟಿನಿನ್ನನ್ನು ಸಾಮಾನ್ಯವಾಗಿ ಒಂದು ಡೆಸಿಲೀಟರ್, ಅಂದರೆ 100 ಮಿಲಿಲೀಟರ್ ರಕ್ತದಲ್ಲಿ ಎಷ್ಟು ಮಿಲಿಗ್ರಾಂ ಇದೆ ಎಂದು ಹೇಳುತ್ತಾರೆ. ಬ್ರಿಟನ್ನಿನಲ್ಲಿ ಒಂದು ಲೀಟರಿನಲ್ಲಿ ಎಷ್ಟು ಮೈಕ್ರೋಮೋಲ್ ಎಂದು ಹೇಳುತ್ತಾರೆ. ಆ ಅಂಕಿಯನ್ನು 88.4ರಿಂದ ಭಾಗಿಸಿದರೆ ನಮ್ಮ ಮಾನಕ್ಕೆ ಬರುತ್ತದೆ. 97 ಹೀಗೆ ಸುಮಾರು 1.1 ಆಗುತ್ತದೆ. ಈ 88.4 ಕ್ರಿಯಾಟಿನಿನ್‌ಗೆ ಮಾತ್ರ ಸಲ್ಲುವ ಸಂಖ್ಯೆ. ಸಕ್ಕರೆಯ ಅಂಕಿ ಮಿಲಿಮೋಲ್‌ನಲ್ಲಿದ್ದರೆ ಅದನ್ನು 18ರಿಂದ ಗುಣಿಸಬೇಕು. ಒಂದರ ಸಂಖ್ಯೆಯನ್ನು ಇನ್ನೊಂದಕ್ಕೆ ಹಚ್ಚಿದರೆ ಕೋಷ್ಟಕವೇ ಸುಳ್ಳು ಹೇಳತೊಡಗುತ್ತದೆ.

ಮಿತಿಯ ಕಲಂ ಪ್ರತಿಯೊಂದು ಸಾಲಿನಲ್ಲಿಯೂ ಏಕೆ ಬೇಕು? ಮಿತಿ ಎಲ್ಲ ಪ್ರಯೋಗಾಲಯಗಳಿಗೂ ಒಂದೇ ಅಲ್ಲ. ಯಂತ್ರ ಮತ್ತು ಪರೀಕ್ಷಾ ವಿಧಾನ ಬದಲಾದರೆ ಅದೂ ಬದಲಾಗಬಹುದು. ಆಗಸ್ಟ್ 2024ರ 1.3 ಎರಡನೆಯ ಪ್ರಯೋಗಾಲಯದ ಮಿತಿಯೊಳಗಿದೆ. ಮೊದಲನೆಯದರ ಮಿತಿಯನ್ನು ಹಿಡಿದು ನೋಡಿದರೆ ಹೊರಗಿದೆ. ಜೊತೆಗೆ, ಈ ಮಿತಿಯನ್ನು ಸಾಮಾನ್ಯವಾಗಿ ಆರೋಗ್ಯವಂತರ ಗುಂಪೊಂದನ್ನು ಪರೀಕ್ಷಿಸಿ, ಅವರಲ್ಲಿ ನಡುವಿನ ಶೇಕಡಾ 95 ಮಂದಿಯ ಅಂಕಿಗಳು ಎಲ್ಲಿಂದ ಎಲ್ಲಿಯವರೆಗೆ ಇವೆಯೆಂದು ನೋಡಿ ಗೊತ್ತುಮಾಡುತ್ತಾರೆ. ಅದು ಜನಸಮುದಾಯದ ಅಳತೆಯೇ ಹೊರತು ಒಬ್ಬ ವ್ಯಕ್ತಿಯ ಅಳತೆಯಲ್ಲ.

ಈಗ ಕೊನೆಯ ಕಲಂ ಅನ್ನು ಮೇಲಿನಿಂದ ಕೆಳಕ್ಕೆ ಓದೋಣ: 0.8, 0.9, 1.1, 1.1, 1.3. ಐದೂ ತಮ್ಮ ತಮ್ಮ ಚೀಟಿಯ ಮಿತಿಯೊಳಗೇ ಇವೆ. ಆದರೆ ಸಾಲು ಏರುತ್ತಿದೆ. ರಕ್ತದ ಕ್ರಿಯಾಟಿನಿನ್, ವಯಸ್ಸು ಮತ್ತು ಲಿಂಗವನ್ನು ಹಿಡಿದು ಮೂತ್ರಪಿಂಡದ ಸೋಸುವ ಶಕ್ತಿಯನ್ನು ಅಂದಾಜು ಮಾಡುವ ಸೂತ್ರವೊಂದನ್ನು ವೈದ್ಯರು ಬಳಸುತ್ತಾರೆ. 2021ರಲ್ಲಿ ಪರಿಷ್ಕೃತವಾದ ಆ ಸೂತ್ರದಂತೆ ಲೆಕ್ಕ ಹಾಕಿದರೆ ಈ ಗೃಹಸ್ಥರ ಶಕ್ತಿ 2021ರಲ್ಲಿ ಸುಮಾರು 102 ಇತ್ತು. 62ರ ವಯಸ್ಸಿನಲ್ಲಿ, 1.3ರ ಹೊತ್ತಿಗೆ, ಸುಮಾರು 62ಕ್ಕೆ ಇಳಿದಿದೆ. ಈ ಅಂದಾಜು 60ಕ್ಕಿಂತ ಕೆಳಗೆ ಬಂದು ಮೂರು ತಿಂಗಳಿಗೂ ಹೆಚ್ಚು ಕಾಲ ಹಾಗೆಯೇ ನಿಂತರೆ ಅದನ್ನು ದೀರ್ಘಕಾಲದ ಮೂತ್ರಪಿಂಡ ರೋಗವೆಂದು ಪರಿಗಣಿಸುತ್ತಾರೆ. ನಮ್ಮ ಗೃಹಸ್ಥರು ಆ ಗಡಿಯ ಸಮೀಪಕ್ಕೆ ಬಂದಿದ್ದಾರೆ. ಅವರ ಯಾವ ಚೀಟಿಯಲ್ಲಿಯೂ ಕೆಂಪು ಗೆರೆ ಬಿದ್ದಿಲ್ಲ.

ಹಾಗೆಂದು ಪ್ರತಿಯೊಂದು ಸಣ್ಣ ಏರಿಳಿತವೂ ರೋಗವಲ್ಲ. ಒಂದೇ ವ್ಯಕ್ತಿಯಲ್ಲಿಯೂ 0.1ರಷ್ಟು ವ್ಯತ್ಯಾಸ ಸಹಜವಾಗಿ ಬರುತ್ತದೆ. ದೇಹದಲ್ಲಿ ನೀರಿನಂಶ ಕಡಿಮೆಯಾದಾಗ, ಅತಿಯಾಗಿ ಶ್ರಮಪಟ್ಟ ಮರುದಿನ, ಅಥವಾ ಪರೀಕ್ಷಾ ವಿಧಾನ ಬೇರೆಯಾದಾಗ ಅಂಕಿ ಬದಲಾಗಬಹುದು. ಆದಕಾರಣ ಒಂದೇ ಪ್ರಯೋಗಾಲಯದ ಅಂಕಿಗಳನ್ನು ಮೊದಲು ಹೋಲಿಸಬೇಕು. ಈ ಕೋಷ್ಟಕದಲ್ಲಿ ಎರಡನೆಯ ಪ್ರಯೋಗಾಲಯದ ಅಂಕಿಗಳನ್ನಷ್ಟೇ ತೆಗೆದುಕೊಂಡರೂ 1.1 ಇದ್ದದ್ದು 1.3 ಆಗಿದೆ, ಆದ್ದರಿಂದ ಏರಿಕೆಯನ್ನು ಪ್ರಯೋಗಾಲಯ ಬದಲಾದ ಕಾರಣಕ್ಕೆ ಎಂದು ತಳ್ಳಿಹಾಕಲಾಗದು. ಕೋಷ್ಟಕದ ಕೊನೆಗೆ ಷರಾ ಎಂಬ ಇನ್ನೊಂದು ಕಲಂ ಎಳೆದು, ಪ್ರಯೋಗಾಲಯದ ಹೆಸರು, ಆ ದಿನಗಳಲ್ಲಿ ವಾಂತಿಭೇದಿ ಇತ್ತೇ, ಮಂಡಿನೋವಿಗೆ ನೋವಿನ ಗುಳಿಗೆ ನುಂಗುತ್ತಿದ್ದೆವೇ ಎಂಬುದನ್ನು ಬರೆದಿಡುವುದು ಉಚಿತ. ಡೈಕ್ಲೋಫಿನಾಕ್‌ನಂಥ ನೋವಿನ ಗುಳಿಗೆಗಳು ಮೂತ್ರಪಿಂಡಕ್ಕೆ ಹಾನಿ ಮಾಡಬಲ್ಲವಾದ್ದರಿಂದ ಆ ಷರಾ ವೈದ್ಯರಿಗೆ ಅಂಕಿಯಷ್ಟೇ ಮುಖ್ಯವಾಗುತ್ತದೆ.

ಕೋಷ್ಟಕ ರೋಗವನ್ನು ನಿರ್ಣಯಿಸುವುದಿಲ್ಲ. ಅದನ್ನು ನೋಡಿ ನಾವೇ ಔಷಧವನ್ನು ನಿಲ್ಲಿಸುವುದೂ ಬದಲಿಸುವುದೂ ಸಲ್ಲದು. ಅದನ್ನು ಮೂಲ ಚೀಟಿಗಳ ಸಮೇತ ವೈದ್ಯರ ಮುಂದಿಟ್ಟು, ಎಲ್ಲ ಅಂಕಿಗಳೂ ಮಿತಿಯೊಳಗಿದ್ದರೂ ಏರುತ್ತಿರುವುದೇಕೆಂದು ಕೇಳಬೇಕು. ಆಗ ಅವರು ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿಸಬಹುದು. ಮೂತ್ರದಲ್ಲಿ ಆಲ್ಬುಮಿನ್ ಎಂಬ ಪ್ರೋಟೀನು ಸೋರುತ್ತಿದೆಯೇ ಎಂದೂ ನೋಡಿಸಬಹುದು. ಮಧುಮೇಹಿಗಳಲ್ಲಿ ಈ ಸೋರಿಕೆ ಎಷ್ಟೋ ವೇಳೆ ಕ್ರಿಯಾಟಿನಿನ್ ಏರುವ ಮೊದಲೇ ಕಾಣಿಸಿಕೊಳ್ಳುತ್ತದೆ. ಸಕ್ಕರೆಯನ್ನೂ ರಕ್ತದೊತ್ತಡವನ್ನೂ ಹತೋಟಿಗೆ ತಂದು ಮೂತ್ರಪಿಂಡದ ಇಳಿಕೆಯನ್ನು ನಿಧಾನಗೊಳಿಸಲು ಈ ಹಂತದಲ್ಲಿ ಇನ್ನೂ ಅವಕಾಶವಿರುತ್ತದೆ.