ನಲವತ್ತು ಲಕ್ಷದಲ್ಲಿ ಯಾವ ಕೆಲಸ ಮೊದಲು?

ಹೊಸದಾಗಿ ಹಾಕಿದ ಸಿಸಿ ರಸ್ತೆಯನ್ನು ಆರೇ ತಿಂಗಳಲ್ಲಿ ಅಗೆದು ನೀರಿನ ಪೈಪು ಹೂಳುವುದನ್ನು ನಮ್ಮ ಹಳ್ಳಿಗಳಲ್ಲಿ ನೋಡದವರು ಕಡಿಮೆ. 2019ರಲ್ಲಿ ಜಲ ಜೀವನ್ ಮಿಷನ್ ಶುರುವಾಗಿ ಮನೆಮನೆಗೆ ನಲ್ಲಿ ಕೊಡುವ ಕೆಲಸ ಬಿರುಸಾದ ಮೇಲಂತೂ ಇದು ಊರೂರಿನ ದೂರಾಯಿತು. ಜನ ಗುತ್ತಿಗೆದಾರನನ್ನು ಬೈಯುತ್ತಾರೆ. ಆದರೆ ಎಷ್ಟೋ ಕಡೆ ತಪ್ಪು ಆಗಿರುವುದು ಅದಕ್ಕೂ ಬಹಳ ಮುಂಚೆ, ಪಂಚಾಯಿತಿಯ ಕ್ರಿಯಾಯೋಜನೆ ಬರೆಯುವಾಗ. ಅಲ್ಲಿ ರಸ್ತೆ ಒಂದು ಸಾಲು, ಪೈಪು ಇನ್ನೊಂದು ಸಾಲು. ಎರಡೂ ಒಂದೇ ಬೀದಿಯಲ್ಲಿವೆ ಎಂಬ ಸಂಗತಿಗೆ ಆ ಪಟ್ಟಿಯಲ್ಲಿ ಜಾಗವೇ ಇರುವುದಿಲ್ಲ.

ಒಂದು ಪಂಚಾಯಿತಿಯನ್ನು ಕಲ್ಪಿಸಿಕೊಂಡು ಲೆಕ್ಕ ಹಾಕಿ ನೋಡೋಣ. ಅಂಕಿಗಳು ಉದಾಹರಣೆಗಷ್ಟೇ. ಕೈಯಲ್ಲಿರುವುದು 40 ಲಕ್ಷ ರೂಪಾಯಿ, ಗ್ರಾಮಸಭೆಯಿಂದ ಬಂದ ಬೇಡಿಕೆ 53 ಲಕ್ಷದ್ದು. ಸಿಸಿ ರಸ್ತೆಗೆ 12 ಲಕ್ಷ, ಸಮುದಾಯ ಭವನದ ಕಾಂಪೌಂಡಿಗೆ 10, ಚರಂಡಿಗೆ 9, ಕಾಲೊನಿಗೆ ನೀರಿನ ಪೈಪ್‌ಲೈನಿಗೆ 8, ಅಂಗನವಾಡಿ ದುರಸ್ತಿ ಮತ್ತು ಶೌಚಾಲಯಕ್ಕೆ 5, ಹೊಸ ಕೊಳವೆಬಾವಿ ಮತ್ತು ಪಂಪಿಗೆ 5, ಬೀದಿದೀಪಕ್ಕೆ 4.

ಇಂಥ ಹೊತ್ತಿನಲ್ಲಿ ಸುಲಭದ ದಾರಿಯೆಂದರೆ ಸದಸ್ಯರ ನಡುವೆ ಸಮಪಾಲು. ಹದಿನಾರು ಸದಸ್ಯರಿದ್ದರೆ ತಲಾ ಎರಡೂವರೆ ಲಕ್ಷ. ಜಗಳ ಇಲ್ಲ, ಸಭೆ ಬೇಗ ಮುಗಿಯುತ್ತದೆ. ಆದರೆ ಎರಡೂವರೆ ಲಕ್ಷಕ್ಕೆ ಕೊಳವೆಬಾವಿಯೂ ಆಗದು, ಪೈಪ್‌ಲೈನೂ ಆಗದು. ಆಗುವುದು ಚರಂಡಿಯ ಒಂದು ತುಂಡು. ಅದು ಎಲ್ಲಿಗೂ ಸೇರದೆ ಯಾರದೋ ಮನೆಯ ಮುಂದೆ ನಿಂತುಬಿಡುತ್ತದೆ, ಊರಿನ ಕೊಚ್ಚೆಯೆಲ್ಲ ಅಲ್ಲಿ ಮಡುಗಟ್ಟುತ್ತದೆ. ಒಂದು ಊರಿನಲ್ಲಿ ಹಣ ಹೀಗೆ ಹಂಚಿಹೋಗಿದೆಯೇ ಎಂದು ತಿಳಿಯಬೇಕಾದರೆ ಚರಂಡಿಯ ಜೊತೆ ಕೊನೆಯವರೆಗೆ ನಡೆದುಹೋದರೆ ಸಾಕು.

ಸ್ವಲ್ಪ ಶಿಸ್ತಿರುವ ಕಡೆ ಅಂಕ ಕೊಡುತ್ತಾರೆ. ಎಷ್ಟು ಮನೆಗೆ ಉಪಯೋಗ, ಎಷ್ಟು ತುರ್ತು, ಪಂಚಾಯಿತಿ ಹಾಕಿಕೊಂಡ ಗುರಿಗೆ ಎಷ್ಟು ಹೊಂದುತ್ತದೆ ಎಂದು ತೂಗಿ ನೂರಕ್ಕೆ ಇಷ್ಟು ಎನ್ನುತ್ತಾರೆ. ನಮ್ಮ ಪಟ್ಟಿಯಲ್ಲಿ ರಸ್ತೆಗೆ 85 ಬಂತು ಎನ್ನಿ, ಪೈಪ್‌ಲೈನಿಗೆ 80, ಚರಂಡಿಗೆ 72, ಕಾಂಪೌಂಡಿಗೆ 70, ಅಂಗನವಾಡಿಗೆ 68, ಬೀದಿದೀಪಕ್ಕೆ 60. ಕೊಳವೆಬಾವಿಗೆ ಬರೀ 45, ಏಕೆಂದರೆ ಅದನ್ನು ಕೇಳಿದವನು ನೀರುಗಂಟಿ ಒಬ್ಬನೇ. ಮೇಲಿನಿಂದ ಎಣಿಸುತ್ತ ಬಂದರೆ ರಸ್ತೆ, ಪೈಪ್‌ಲೈನ್, ಚರಂಡಿ, ಕಾಂಪೌಂಡು ಸೇರಿ 39 ಲಕ್ಷ. ಪಟ್ಟಿ ಅಲ್ಲಿಗೆ ನಿಂತಿತು.

ಈ ಪಟ್ಟಿ ನೋಡಲು ನ್ಯಾಯವಾಗಿದೆ. ಆದರೆ ಪೈಪಿಗೆ ನೀರು ಎಲ್ಲಿಂದ? ಕಾಲೊನಿಯಲ್ಲಿ 600 ಜನ ಇದ್ದಾರೆ ಎನ್ನೋಣ. ಜಲ ಜೀವನ್ ಮಿಷನ್ನಿನ ಅಳತೆಯಂತೆ ತಲೆಗೆ ದಿನಕ್ಕೆ 55 ಲೀಟರ್ ಎಂದರೆ 33 ಸಾವಿರ ಲೀಟರ್ ಬೇಕು. ಹಳೆಯ ಬಾವಿ ಈಗಿರುವ ಬೀದಿಗಳಿಗೇ ಏದುಸಿರು ಬಿಡುತ್ತಿದ್ದರೆ ಎಂಟು ಲಕ್ಷದ ಪೈಪು ಒಣಗಿರುತ್ತದೆ. ಕೊಳವೆಬಾವಿ ಆಗದೆ ಪೈಪಿಗೆ ಬೆಲೆಯಿಲ್ಲ. ಪೈಪು ಹೂಳದೆ ರಸ್ತೆ ಹಾಕಿದರೆ ಅಗೆಯುವುದು ಖಂಡಿತ. ಅಂಗನವಾಡಿಯ ಶೌಚಾಲಯಕ್ಕೂ ಅದೇ ನೀರು ಬರಬೇಕು. 45 ಅಂಕದ ಕೆಲಸದ ಹಿಂದೆ ಮೂರು ಕೆಲಸ ಸಾಲುಗಟ್ಟಿ ನಿಂತಿವೆ. ಹಾಗಾಗಿ ಕೊಳವೆಬಾವಿಯನ್ನು ಅದರ ಸ್ವಂತ ಅಂಕದಿಂದ ಅಳೆಯುವುದೇ ತಪ್ಪು. ಅದು ಇಲ್ಲದಿದ್ದರೆ ಏನೇನು ನಿಲ್ಲುತ್ತದೆ ಎಂದು ಕೇಳಬೇಕು.

ಹಾಗೆ ಕೇಳಿ ಮತ್ತೆ ಜೋಡಿಸಿದರೆ ಕೊಳವೆಬಾವಿ ಮತ್ತು ಪೈಪ್‌ಲೈನ್ ಒಂದೇ ಗಂಟು, 13 ಲಕ್ಷ. ರಸ್ತೆಯ ಮಟ್ಟ ಚರಂಡಿಯ ಮಟ್ಟವನ್ನು ನೋಡಿ ನಿರ್ಧಾರವಾಗುವುದರಿಂದ ಅವೆರಡೂ ಇನ್ನೊಂದು ಗಂಟು, 21 ಲಕ್ಷ. ಅಂಗನವಾಡಿ ಸೇರಿದರೆ ಮತ್ತೆ 39 ಲಕ್ಷವೇ. ಬದಲಾದದ್ದು ಒಂದೇ: 10 ಲಕ್ಷದ ಕಾಂಪೌಂಡು ಹೋಗಿ ಐದೈದು ಲಕ್ಷದ ಎರಡು ಕೆಲಸ ಬಂದವು. ಖರ್ಚು ಅಷ್ಟೇ ಇದ್ದರೂ ನಲ್ಲಿಯಲ್ಲಿ ನೀರು ಬರುವುದು ಎರಡನೆಯ ಪಟ್ಟಿಯಲ್ಲಿ ಮಾತ್ರ.

ಇನ್ನೊಂದು ಕಟ್ಟುಪಾಡಿದೆ. 15ನೇ ಹಣಕಾಸು ಆಯೋಗದ 2021ರಿಂದ 26ರ ಅವಧಿಯ ನಿಯಮದಂತೆ ಪಂಚಾಯಿತಿಗೆ ಬರುವ ಅನುದಾನದಲ್ಲಿ ಶೇ 60 ನಿರ್ಬಂಧಿತ. ಅದರಲ್ಲಿ ಅರ್ಧ ಕುಡಿಯುವ ನೀರಿಗೆ, ಅರ್ಧ ನೈರ್ಮಲ್ಯಕ್ಕೆ. ಉಳಿದ ಶೇ 40 ಮಾತ್ರ ಊರಿನ ಇಷ್ಟಕ್ಕೆ ಬಿಟ್ಟದ್ದು, ಅದನ್ನೂ ಸಂಬಳಕ್ಕೆ ಬಳಸುವಂತಿಲ್ಲ. ನಮ್ಮ 40 ಲಕ್ಷ ಈ ಬಗೆಯದಾಗಿದ್ದರೆ ನೀರಿಗೆ 12, ನೈರ್ಮಲ್ಯಕ್ಕೆ 12, ಇಷ್ಟದ ಕೆಲಸಕ್ಕೆ 16 ಲಕ್ಷ. ಮೊದಲ ಪಟ್ಟಿಯ ರಸ್ತೆ ಮತ್ತು ಕಾಂಪೌಂಡು ಸೇರಿಯೇ 22 ಲಕ್ಷ ಆಗುವುದರಿಂದ ಅದು ಇಲ್ಲಿ ಬಿದ್ದುಹೋಗುತ್ತಿತ್ತು. ಎರಡನೆಯದು ನಿಲ್ಲುತ್ತದೆ: ನೀರಿನ 13 ಲಕ್ಷದಲ್ಲಿ ಹೆಚ್ಚಾದ ಒಂದು ಲಕ್ಷ, ರಸ್ತೆಯ 12, ಅಂಗನವಾಡಿ ಕಟ್ಟಡದ 3 ಸೇರಿ ಸರಿಯಾಗಿ 16. ಅಂಗನವಾಡಿಯ ಶೌಚಾಲಯದ 2 ಲಕ್ಷ ಮತ್ತು ಚರಂಡಿಯ 9 ಲಕ್ಷ ನೈರ್ಮಲ್ಯದ ಲೆಕ್ಕಕ್ಕೆ ಹೋಗಿ ಅಲ್ಲಿ ಒಂದು ಲಕ್ಷ ಉಳಿಯುತ್ತದೆ. ಈ ನಿರ್ಬಂಧವನ್ನು ಅಡ್ಡಿಯೆಂದು ಗೊಣಗುವವರೇ ಹೆಚ್ಚು. ನನಗೆ ಇದು ಒಳ್ಳೆಯದೆಂದೇ ಅನ್ನಿಸುತ್ತದೆ. ಕಣ್ಣಿಗೆ ಕಾಣುವ ಕಾಂಪೌಂಡಿನ ಎದುರು ನೆಲದೊಳಗಿನ ಪೈಪು ಪ್ರತಿ ಸಭೆಯಲ್ಲೂ ಸೋಲಬೇಕಾಗಿಲ್ಲ.

ಹಣ ಹೊಂದಿದ ಮೇಲೆ ಬರುವುದು ಆಳಿನ ತೊಡಕು, ಹೆಚ್ಚು ಕೆಲಸ ಕೆಡುವುದು ಇಲ್ಲೇ. ಅಂದಾಜುಪಟ್ಟಿ ಮಾಡುವವರು, ಸ್ಥಳಕ್ಕೆ ಬರುವವರು, ಅಳತೆ ಪುಸ್ತಕ ಬರೆಯುವವರು ಎಲ್ಲಕ್ಕೂ ಇರುವುದು ಒಬ್ಬರೇ ಕಿರಿಯ ಎಂಜಿನಿಯರ್, ಅವರ ಕೈಯಲ್ಲಿ ಬೇರೆ ಪಂಚಾಯಿತಿಗಳೂ ಇರುತ್ತವೆ. ಐದು ಕೆಲಸಕ್ಕೂ ಒಟ್ಟಿಗೆ ಮಂಜೂರಾತಿ ಕೊಟ್ಟರೆ ಐದೂ ಅರೆಬರೆಯಾಗಿ ಮಾರ್ಚ್ ತಿಂಗಳಿಗೆ ಬಂದು ನಿಲ್ಲುತ್ತವೆ. ಆಗ ಕಬ್ಬಿಣ, ಜಲ್ಲಿ ನೋಡದೆ ಬಿಲ್ ಬರೆಯುವ ಒತ್ತಡ ಹುಟ್ಟುತ್ತದೆ.

ಅನುದಾನ ಕಂತಿನಲ್ಲಿ ಬರುತ್ತದೆ, ಮಳೆಗಾಲ ನಡುವೆ ಇದೆ. ಎರಡನ್ನೂ ಒಪ್ಪಿಕೊಂಡು ಸಾಲು ಮಾಡಬಹುದು. ಮೊದಲ ಕಂತಿನಲ್ಲಿ ಕೊಳವೆಬಾವಿ. ಮಳೆಗಾಲದಲ್ಲಿ ಕೊರೆದ ಬಾವಿ ಧಾರಾಳವಾಗಿ ಕಾಣುವುದರಿಂದ ಅಕ್ಕಪಕ್ಕದ ಬಾವಿಗಳು ಬೇಸಿಗೆಯಲ್ಲಿ ಎಷ್ಟು ಕೊಟ್ಟವು ಎಂದು ವಿಚಾರಿಸಬೇಕು. ಗಂಟೆಗೆ 6 ಸಾವಿರ ಲೀಟರ್ ಸಿಕ್ಕರೆ ಆರು ಗಂಟೆ ಕರೆಂಟಿನಲ್ಲಿ 36 ಸಾವಿರ ಲೀಟರ್ ಆಗುತ್ತದೆ, ಸಾಕು. ನೀರು ಖಾತ್ರಿಯಾದ ಮೇಲಷ್ಟೇ ಪೈಪಿಗೆ ಹಣ ಬಿಡಬೇಕು. ಪೈಪು ಹೂಳಿ, ನೀರು ಬಿಟ್ಟು ಸೋರಿಕೆ ನೋಡಿ, ಮಣ್ಣು ಮುಚ್ಚಿ ದಮ್ಮಸು ಮಾಡಿದರೆ ಕೊನೆಯ ಮಳೆಗಳಿಗೆ ಆ ಮಣ್ಣು ಇನ್ನಷ್ಟು ಕುಸಿದು ಗಟ್ಟಿಯಾಗುತ್ತದೆ. ಹಾಗೆ ಕೂರದ ಮಣ್ಣಿನ ಮೇಲೆ ಹಾಕಿದ ಕಾಂಕ್ರೀಟು ಪೈಪಿನ ಗುಂಟ ಸೀಳುವುದುಂಟು. ಮಳೆ ನಿಂತ ಮೇಲೆ ಚರಂಡಿ, ಕೊನೆಗೆ ರಸ್ತೆ. ಅಂಗನವಾಡಿ ಕೆಲಸ ಯಾವ ಬೀದಿಯನ್ನೂ ಅಡ್ಡಗಟ್ಟುವುದಿಲ್ಲ, ಎಂಜಿನಿಯರ್‌ಗೆ ಬಿಡುವಿದ್ದಾಗ ನಡುವೆ ತೂರಿಸಬಹುದು.

ಬಾವಿ ಬತ್ತಿದ್ದೇ ಬಂದರೆ? ಕೊರೆದ ಖರ್ಚು ಹೋಯಿತು, ಪಂಪಿನ ಹಣ ಉಳಿಯಿತು. ಪೈಪಿನ ಹಣದಲ್ಲಿ ಒಂದಷ್ಟನ್ನು ಇನ್ನೊಂದು ಜಾಗದಲ್ಲಿ ಕೊರೆಯಲು ತಿರುಗಿಸಬೇಕೇ ಎಂಬ ತೀರ್ಮಾನ ಆಗ ಸಭೆಯದು. ರಸ್ತೆಯನ್ನಾದರೂ ಮಾಡಿಬಿಡೋಣ ಎಂಬ ಒತ್ತಡ ಅಂದು ಖಂಡಿತ ಬರುತ್ತದೆ. ಮಾಡಲೇಬೇಕಾದರೆ ಪೈಪು ದಾಟುವ ಕಡೆಗಳಲ್ಲಿ ರಸ್ತೆಯ ಅಡಿಗೆ ಅಗಲದ ಖಾಲಿ ಕೊಳವೆಗಳನ್ನು ಹೂಳಿ, ಅವುಗಳ ಜಾಗವನ್ನು ನಕ್ಷೆಯಲ್ಲಿ ಗುರುತಿಸಿಡಬೇಕು. ಕಾಂಪೌಂಡಿಗೂ ನಡಾವಳಿ ಪುಸ್ತಕದಲ್ಲಿ ಒಂದು ಸಾಲು ಬೇಕು: 70 ಅಂಕ ಬಂದರೂ ಏಕೆ ಬಿಟ್ಟೆವು, ಯಾವ ಕೆಲಸಕ್ಕೆ ಬಿಟ್ಟೆವು ಎಂದು. ಅದು ಬರೆದಿಲ್ಲದಿದ್ದರೆ ಮುಂದಿನ ವರ್ಷ ಅದೇ ಬೇಡಿಕೆ ಸೇಡಿನ ರೂಪದಲ್ಲಿ ಬರುತ್ತದೆ.